ಹದಿನೆಂಟು ರನ್ ಎಲ್ಲಿಂದ ಬಂತು? ನೆಟ್ ರನ್ ರೇಟ್ ಮತ್ತು ಪ್ಲೇಆಫ್ ಬೆಲೆಯ ಲೆಕ್ಕ

(ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಮತ್ತು ಹುಬ್ಬಳ್ಳಿ-ಗದಗ ಕಡೆಯ ಕ್ಲಬ್ ಸ್ಕೋರರ್‌ಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

2024ರ ಮೇ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಮತ್ತು ಚೆನ್ನೈ ಆಡಿದ ಐಪಿಎಲ್ ಪಂದ್ಯ ಇಲ್ಲಿ ಕೂತವರಲ್ಲಿ ಬಹುತೇಕರಿಗೆ ನೆನಪಿರುತ್ತದೆ. ಮೊದಲ ಎಂಟು ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದಿದ್ದ ಆರ್‌ಸಿಬಿ, ಆಮೇಲೆ ಸಾಲಾಗಿ ಐದು ಗೆದ್ದು ಆ ರಾತ್ರಿಗೆ ಬಂದಿತ್ತು. ಕೈಯಲ್ಲಿ 12 ಅಂಕ. ಚೆನ್ನೈ ಕೈಯಲ್ಲಿ 14. ಕೋಲ್ಕತ್ತ, ರಾಜಸ್ಥಾನ, ಹೈದರಾಬಾದ್ ಮೂರೂ ಆಗಲೇ ಪ್ಲೇಆಫ್ ಸೇರಿದ್ದವು. ಉಳಿದದ್ದು ಒಂದೇ ಜಾಗ. ಆರ್‌ಸಿಬಿ ಗೆದ್ದರೆ ಇಬ್ಬರದೂ 14 ಅಂಕ, ಆಗ ತೀರ್ಮಾನ ನೆಟ್ ರನ್ ರೇಟ್‌ನದು. ಆ ವಾರವೆಲ್ಲ ಹುಬ್ಬಳ್ಳಿಯ ಚಹಾದಂಗಡಿಗಳಲ್ಲೂ ಟಿವಿಯಲ್ಲೂ ಒಂದೇ ಮಾತು: ಆರ್‌ಸಿಬಿ ಬರೀ ಗೆದ್ದರೆ ಸಾಲದು, ಹದಿನೆಂಟು ರನ್‌ಗಳಿಂದ ಗೆಲ್ಲಬೇಕು, ಇಲ್ಲವೇ 18.1 ಓವರ್‌ಗಳಲ್ಲಿ ಗುರಿ ಮುಟ್ಟಬೇಕು.

ಈ ಹದಿನೆಂಟು ಎಲ್ಲಿಂದ ಬಂತು ಎಂದು ಕೇಳಿದವರು ಕಡಿಮೆ. ಇವತ್ತಿನ ನನ್ನ ಮಾತೆಲ್ಲ ಆ ಒಂದು ಸಂಖ್ಯೆಯ ಸುತ್ತಲೇ ಇದೆ. ಅದು ಹೇಗೆ ಹುಟ್ಟುತ್ತದೆ ಎಂದು ತಿಳಿದರೆ, ಒಂದು ತಂಡದ ಪ್ಲೇಆಫ್ ಬೆಲೆ ಪಂದ್ಯ ಗೆಲ್ಲುವ ಬೆಲೆಗಿಂತ ಯಾಕೆ ಬೇರೆ, ಮಳೆ ಬಂದರೆ ಯಾಕೆ ಕುಸಿಯುತ್ತದೆ, ಕೊನೆಯ ಓವರ್‌ನಲ್ಲಿ ಎರಡು ಬೆಲೆಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಯಾಕೆ ಓಡುತ್ತವೆ ಎಂಬುದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಬೆಲೆ ಎಂದರೆ ಏನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಬ್ರಿಟನ್ನಿನಂಥ ಕಡೆ ಪರವಾನಗಿ ಪಡೆದ ಎಕ್ಸ್‌ಚೇಂಜ್‌ಗಳಿವೆ. ಅಲ್ಲಿ 'ಈ ತಂಡ ಪ್ಲೇಆಫ್ ಸೇರುತ್ತದೆ' ಎಂಬ ಹೇಳಿಕೆಯನ್ನೇ ಜನ ಒಬ್ಬರಿಗೊಬ್ಬರು ಕೊಂಡು ಮಾರುತ್ತಾರೆ. ತಂಡ ಸೇರಿದರೆ ಆ ಚೀಟಿಗೆ 100, ಸೇರದಿದ್ದರೆ ಸೊನ್ನೆ ಎಂದಿಟ್ಟುಕೊಳ್ಳಿ. ಚೀಟಿ 30ಕ್ಕೆ ಮಾರಾಟವಾಗುತ್ತಿದ್ದರೆ, ಆ ತಂಡ ಸೇರುವ ಸಂಭವನೀಯತೆ ಸುಮಾರು ನೂರಕ್ಕೆ ಮೂವತ್ತು ಎಂದು ಮಾರುಕಟ್ಟೆ ಹೇಳುತ್ತಿದೆ ಎಂದರ್ಥ. ನಮ್ಮ ದೇಶದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. ನಾನು ಇಲ್ಲಿ ಬೆಲೆಯನ್ನು ನೋಡುತ್ತಿರುವುದು ಸಂಭವನೀಯತೆಯ ಇನ್ನೊಂದು ರೂಪವಾಗಿ ಮಾತ್ರ, ಅಷ್ಟರ ಮಟ್ಟಿಗೆ ಮಾತ್ರ.

ಈ ಬೆಲೆಗಳಿಗೆ ಒಂದು ಗುಣವಿದೆ. ಪಂದ್ಯ ಗೆಲ್ಲುವ ಮಾರುಕಟ್ಟೆಯಲ್ಲಿ ಗೆಲ್ಲುವವರು ಒಬ್ಬರೇ, ಹಾಗಾಗಿ ಎರಡು ತಂಡಗಳ ಬೆಲೆ ಕೂಡಿದರೆ 100. ಪ್ಲೇಆಫ್‌ಗೆ ಹೋಗುವವರು ನಾಲ್ವರು, ಹಾಗಾಗಿ ಹತ್ತೂ ತಂಡಗಳ ಬೆಲೆ ಕೂಡಿದರೆ 400 ಆಗಬೇಕು. ಒಬ್ಬ ಬುಕ್ಕಿ ಕೊಡುವ ಬೆಲೆಗಳ ಮೊತ್ತ 430 ಆದರೆ, ಮೇಲಿನ ಮೂವತ್ತು ಅವನ ಪಾಲು. ತಂಡಗಳಿಗೆ ನೀವೇ ಸಂಭವನೀಯತೆ ಬರೆದುಕೊಳ್ಳುವಾಗಲೂ ಮೊದಲು ಇದನ್ನು ಕೂಡಿ ನೋಡಿ. 400 ಬರಲಿಲ್ಲ ಅಂದರೆ ಎಲ್ಲೋ ಒಂದು ತಂಡಕ್ಕೆ ಹೆಚ್ಚು ಕೊಟ್ಟಿದ್ದೀರಿ, ಇಲ್ಲವೇ ಒಂದನ್ನು ಮರೆತಿದ್ದೀರಿ. ಮೇ 18ರಂದು ಮೂರು ತಂಡಗಳ ಬೆಲೆ ಆಗಲೇ 100 ಮುಟ್ಟಿತ್ತು. ಡೆಲ್ಲಿ ಮತ್ತು ಲಖನೌ 14 ಅಂಕ ಗಳಿಸಿಯೂ ನೆಟ್ ರನ್ ರೇಟ್‌ನಲ್ಲಿ ತೀರಾ ಕೆಳಗಿದ್ದವು, ಅವುಗಳ ಬೆಲೆ ಸೊನ್ನೆ. ಉಳಿದ 100 ಆರ್‌ಸಿಬಿ ಮತ್ತು ಚೆನ್ನೈ ನಡುವೆ ಹಂಚಿಕೆಯಾಗಬೇಕಿತ್ತು.

ಈಗ ನೆಟ್ ರನ್ ರೇಟ್. ಸ್ಕೋರರ್‌ಗಳಿಗೆ ಇದು ಕೈ ಅಭ್ಯಾಸ. ಉಳಿದವರಿಗಾಗಿ ಹೇಳುತ್ತೇನೆ: ಇಡೀ ಲೀಗ್‌ನಲ್ಲಿ ತಂಡ ಹೊಡೆದ ಒಟ್ಟು ರನ್‌ಗಳನ್ನು ಅದು ಆಡಿದ ಒಟ್ಟು ಓವರ್‌ಗಳಿಂದ ಭಾಗಿಸಿ, ಅದರಿಂದ ತಂಡ ಕೊಟ್ಟ ಒಟ್ಟು ರನ್‌ಗಳನ್ನು ಎಸೆದ ಒಟ್ಟು ಓವರ್‌ಗಳಿಂದ ಭಾಗಿಸಿದ್ದನ್ನು ಕಳೆಯಬೇಕು. 'ಒಟ್ಟು' ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಪಂದ್ಯಕ್ಕೊಂದು ರೇಟ್ ತೆಗೆದು ಅವುಗಳ ಸರಾಸರಿ ಹಾಕುವುದಲ್ಲ, ಎಲ್ಲ ಪಂದ್ಯಗಳ ರನ್ ಒಂದೇ ರಾಶಿಗೆ, ಎಲ್ಲ ಓವರ್ ಒಂದೇ ರಾಶಿಗೆ. ತಂಡ ಆಲೌಟ್ ಆದರೆ ಎಷ್ಟೇ ಓವರ್ ಆಡಿರಲಿ, ಪೂರ್ತಿ ಇಪ್ಪತ್ತೂ ಲೆಕ್ಕಕ್ಕೆ ಬರುತ್ತವೆ. ಫಲಿತಾಂಶವಿಲ್ಲದೆ ರದ್ದಾದ ಪಂದ್ಯ ಈ ರಾಶಿಗೆ ಸೇರುವುದೇ ಇಲ್ಲ.

ಹದಿಮೂರು ಪಂದ್ಯಗಳು ಮುಗಿದಾಗ ಚೆನ್ನೈ ನೆಟ್ ರನ್ ರೇಟ್ 0.528, ಆರ್‌ಸಿಬಿಯದು 0.387. ಅಂತರ 0.141. ಕಾಣಲು ಪುಟ್ಟ ಸಂಖ್ಯೆ. ಇದನ್ನು ರನ್‌ಗೆ ತಿರುಗಿಸೋಣ. ಹದಿಮೂರು ಪಂದ್ಯ ಎಂದರೆ ಹತ್ತಿರಹತ್ತಿರ 260 ಓವರ್. 0.387ನ್ನು 260ರಿಂದ ಗುಣಿಸಿದರೆ 100.6. ಅಂದರೆ ಋತುವಿನುದ್ದಕ್ಕೂ ಆರ್‌ಸಿಬಿ ಎದುರಾಳಿಗಳಿಗಿಂತ ನೂರು ರನ್ ಮೇಲಿತ್ತು. ಚೆನ್ನೈಗೆ ಅದೇ ಲೆಕ್ಕ 137.3. ಇವೆರಡರ ನಡುವೆ 36.7 ರನ್ ಅಂತರ.

ಹಾಗಾದರೆ ಆರ್‌ಸಿಬಿ 37 ರನ್‌ಗಳಿಂದ ಗೆಲ್ಲಬೇಕಿತ್ತಲ್ಲವೇ? ಬೇಕಿರಲಿಲ್ಲ, ಯಾಕೆಂದರೆ ಎದುರಾಳಿ ಚೆನ್ನೈಯೇ. ತಕ್ಕಡಿಯ ಒಂದು ತಟ್ಟೆಯಿಂದ ಕಲ್ಲು ತೆಗೆದು ಇನ್ನೊಂದಕ್ಕೆ ಹಾಕಿದಂತೆ, ಆರ್‌ಸಿಬಿ ಗೆಲುವಿನ ಅಂತರದ ಪ್ರತಿ ರನ್ ಅದನ್ನು ಒಂದು ರನ್ ಮೇಲೆತ್ತುತ್ತದೆ, ಚೆನ್ನೈಯನ್ನು ಒಂದು ರನ್ ಕೆಳಗಿಳಿಸುತ್ತದೆ. ಅಂತರ ಎರಡೆರಡು ರನ್ ಕರಗುತ್ತದೆ. 36.7ರ ಅರ್ಧ 18.3. ಆ ಹದಿನೆಂಟು ಬಂದದ್ದು ಇಲ್ಲಿಂದ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ನಮ್ಮ ಲೆಕ್ಕ 18.3 ಹೇಳುತ್ತದೆ. ರನ್‌ಗಳಲ್ಲಿ ದಶಾಂಶವಿಲ್ಲ, ಆದ್ದರಿಂದ 19 ಬೇಕು ಎನ್ನಬೇಕಾಗುತ್ತದೆ. ಆದರೆ ನಿಜವಾದ ಅಗತ್ಯ 18 ಆಗಿತ್ತು. ಆರ್‌ಸಿಬಿ 218 ಹೊಡೆದ ಮೇಲೆ ಚೆನ್ನೈಗೆ ಬೇಕಾದದ್ದು 201. 200ಕ್ಕೆ ನಿಂತರೆ ಹೊರಗೆ. ವ್ಯತ್ಯಾಸಕ್ಕೆ ಕಾರಣ ನಾವು ಹಿಡಿದ 260 ಓವರ್. ಬೇಗ ಗುರಿ ಮುಟ್ಟಿದ ಪಂದ್ಯಗಳಲ್ಲಿ ಓವರ್‌ಗಳು ಉಳಿದಿರುತ್ತವೆ, ಹಾಗಾಗಿ ನಿಜವಾದ ರಾಶಿ 260 ಇರುವುದಿಲ್ಲ. ಅಂಕಪಟ್ಟಿಯ ಮೂರು ದಶಾಂಶಗಳೂ ದುಂಡಾಗಿಸಿದವು. ಪತ್ರಿಕೆಯ ಅಂಕಪಟ್ಟಿ ನೋಡಿ ಅಂದಾಜು ಮಾಡಲು ನನ್ನ ವಿಧಾನ ಸಾಕು, ಆದರೆ ಒಂದು ರನ್ ಇಡೀ ಋತುವನ್ನು ತೀರ್ಮಾನಿಸುವ ಜಾಗದಲ್ಲಿ ಹದಿಮೂರೂ ಪಂದ್ಯಗಳ ಮೂಲ ರನ್ ಮತ್ತು ಎಸೆತಗಳನ್ನು ಕೂಡಿಯೇ ತೀರಬೇಕು. ಎಸೆತ ಅನ್ನುವುದಕ್ಕೂ ಕಾರಣವಿದೆ: 18.1 ಓವರ್ ಎಂದರೆ ಹದಿನೆಂಟು ಓವರ್ ಒಂದು ಎಸೆತ, ಗಣಿತದಲ್ಲಿ 18.167. ಎಕ್ಸೆಲ್‌ನಲ್ಲಿ 18.1 ಎಂದೇ ತುಂಬಿದವರ ಪಟ್ಟಿಗಳನ್ನು ನಾನು ನೋಡಿದ್ದೇನೆ. ಅಂಥ ಪಟ್ಟಿ ಗಡಿಯ ಹತ್ತಿರ ಬಂದಾಗಲೇ ಕೈಕೊಡುತ್ತದೆ.

ಇನ್ನೊಂದು ಷರತ್ತು, 18.1 ಓವರ್‌ನದು, ಎಲ್ಲಿಂದ ಬಂತು? ಮೊದಲು ಚೆನ್ನೈ 200 ಹೊಡೆದು ಆರ್‌ಸಿಬಿ ಬೆನ್ನಟ್ಟಿದರೆ ಅಂತರ ರನ್‌ನಲ್ಲಿ ಬರುವುದಿಲ್ಲ, ಉಳಿದ ಎಸೆತಗಳಲ್ಲಿ ಬರುತ್ತದೆ. ಆಡದೆ ಉಳಿಸಿದ ಒಂದು ಎಸೆತಕ್ಕೆ ಎಷ್ಟು ಬೆಲೆ? ತಂಡದ ಋತುವಿನ ರನ್ ರೇಟ್ ಎಷ್ಟಿದೆಯೋ ಅಷ್ಟು. ಓವರಿಗೆ ಒಂಬತ್ತೂವರೆ-ಹತ್ತು ರನ್ ಹರಿಯುವ ಋತುವಿನಲ್ಲಿ ಒಂದು ಎಸೆತಕ್ಕೆ ಸುಮಾರು 1.6 ರನ್. ಹನ್ನೊಂದು ಎಸೆತ ಉಳಿಸಿದರೆ ಹದಿನೇಳೂವರೆ ರನ್, ಗುರಿ ದಾಟಲು ಹೊಡೆದ ಒಂದು ರನ್ ಸೇರಿಸಿದರೆ ಹದಿನೆಂಟು ಚಿಲ್ಲರೆ. ಇಪ್ಪತ್ತು ಓವರ್‌ನಿಂದ ಹನ್ನೊಂದು ಎಸೆತ ಕಳೆದರೆ 18.1. ಎರಡು ಷರತ್ತುಗಳೂ ಒಂದೇ ಸಂಖ್ಯೆಯ ಎರಡು ಮುಖ.

ಈಗ ಬೆಲೆಗೆ ಬರೋಣ. ಪಂದ್ಯಕ್ಕೆ ಮುಂಚೆ ಎರಡೂ ತಂಡ ಸಮಬಲ, ಪಂದ್ಯ ಗೆಲ್ಲುವ ಬೆಲೆ 50-50 ಎಂದುಕೊಳ್ಳಿ. ಇದು ಲೆಕ್ಕಕ್ಕೆ ನಾನು ಇಟ್ಟುಕೊಂಡ ಸಂಖ್ಯೆ, ಆ ದಿನದ ಮಾರುಕಟ್ಟೆಯದಲ್ಲ. ಗೆಲುವಿನ ಅಂತರವನ್ನು ರನ್‌ನಲ್ಲಿ ಅಳೆದು, ಅದು ಸೊನ್ನೆಯ ಸುತ್ತ ಗಂಟೆಯಾಕಾರದಲ್ಲಿ ಹರಡಿದೆ, ಅದರ ಮಾನಕ ವಿಚಲನೆ 33 ರನ್ ಎಂದು ಊಹಿಸಿ. ಅಂತರ ಹದಿನೆಂಟು ಅಥವಾ ಹೆಚ್ಚಿರುವ ಸಂಭವನೀಯತೆ ಆಗ ನೂರಕ್ಕೆ ಸುಮಾರು 30. ಅಂದರೆ ಪಂದ್ಯದ ಬೆಲೆ 50 ಇದ್ದಾಗ ಆರ್‌ಸಿಬಿಯ ಪ್ಲೇಆಫ್ ಬೆಲೆ 30, ಚೆನ್ನೈಯದು 70. ನಡುವಿನ ಇಪ್ಪತ್ತು ಎಂದರೆ ಆರ್‌ಸಿಬಿ ಗೆದ್ದೂ ಹೊರಗೆ ಹೋಗುವ ಪಂದ್ಯಗಳು.

ಒಬ್ಬ ವಿದ್ಯಾರ್ಥಿ ಇಲ್ಲಿ ಕೇಳಿದ: "ಸರ್, ಆರ್‌ಸಿಬಿ ಐದು ಮ್ಯಾಚ್ ಸಾಲಾಗಿ ಗೆದ್ದೈತಿ, ಫಾರ್ಮ್‌ದಾಗ ಐತಿ. ಅದಕ್ಕ 60 ಕೊಟ್ಟರ ಏನಾಗ್ತದ್ರೀ?" ಒಳ್ಳೆಯ ಪ್ರಶ್ನೆ. ಗೆಲ್ಲುವ ಬೆಲೆ 60 ಎಂದರೆ ಗಂಟೆಯ ನಡುಭಾಗ ಸೊನ್ನೆಯಿಂದ ಸುಮಾರು ಎಂಟು ರನ್ ಬಲಕ್ಕೆ ಸರಿಯುತ್ತದೆ. ಹದಿನೆಂಟು ದಾಟುವ ಸಂಭವನೀಯತೆ ಆಗ ಮೂವತ್ತೆಂಟು-ಮೂವತ್ತೊಂಬತ್ತರ ಹತ್ತಿರ. ಪಂದ್ಯದ ಬೆಲೆ ಹತ್ತು ಏರಿದರೆ ಪ್ಲೇಆಫ್ ಬೆಲೆ ಎಂಟು-ಒಂಬತ್ತು ಏರುತ್ತದೆ. ಎರಡೂ ಒಟ್ಟಿಗೇ ಏರುತ್ತವೆ, ಆದರೆ ನಡುವಿನ ಕಂದಕ ಹಾಗೆಯೇ ಉಳಿಯುತ್ತದೆ. ಫಾರ್ಮ್‌ನಿಂದ ಆ ಕಂದಕ ಮುಚ್ಚುವುದಿಲ್ಲ.

ಈಗ ಮಳೆ. ಮೇ ತಿಂಗಳ ಬೆಂಗಳೂರು, ಮುಂಗಾರು ಪೂರ್ವ ಮಳೆಯ ಕಾಲ. ಪಂದ್ಯ ಪೂರ್ತಿ ರದ್ದಾದರೆ ಇಬ್ಬರಿಗೂ ಒಂದೊಂದು ಅಂಕ: ಚೆನ್ನೈ 15, ಆರ್‌ಸಿಬಿ 13, ಕಥೆ ಮುಗಿಯಿತು. ಇದು ಎಲ್ಲರಿಗೂ ಗೊತ್ತಿತ್ತು. ಪಂದ್ಯ ಐದು ಓವರ್‌ಗೆ ಇಳಿದರೆ ಏನು ಎಂಬುದನ್ನು ಹೆಚ್ಚು ಜನ ತಪ್ಪಾಗಿ ಯೋಚಿಸುತ್ತಾರೆ. ಓವರ್ ಕಾಲು ಭಾಗಕ್ಕೆ ಇಳಿದರೆ ಬೇಕಾದ ಅಂತರವೂ ಕಾಲು ಭಾಗಕ್ಕೆ, ನಾಲ್ಕೈದು ರನ್‌ಗೆ ಇಳಿಯುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಹಿಂದಿನ ಲೆಕ್ಕ ಮತ್ತೆ ನೋಡಿ. ಆರ್‌ಸಿಬಿ ರಾಶಿಯಲ್ಲಿ 100.6, ಚೆನ್ನೈ ರಾಶಿಯಲ್ಲಿ 137.3. ಇವೆರಡನ್ನು ಸಮ ಮಾಡಲು ಬೇಕಾದದ್ದು 18.3 ರನ್, ಆ ರನ್‌ಗಳು ಇಪ್ಪತ್ತು ಓವರ್‌ನಲ್ಲಿ ಬಂದರೂ ಐದು ಓವರ್‌ನಲ್ಲಿ ಬಂದರೂ ಅಷ್ಟೇ. ಕೊನೆಗೆ ಭಾಗಿಸುವ ಓವರ್‌ಗಳು ಎರಡು ತಂಡಗಳಿಗೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅವು ಕಳೆದುಹೋಗುತ್ತವೆ. ಐದು ಓವರ್‌ಗಳಲ್ಲಿ 80 ಹೊಡೆದರೆ ಎದುರಾಳಿಯನ್ನು 62ಕ್ಕೆ ನಿಲ್ಲಿಸಬೇಕು!

ಐದು ಓವರ್‌ಗಳಲ್ಲಿ ಹದಿನೆಂಟು ರನ್ ಅಂತರ ತುಂಬ ದೂರದ ಮಾತು. ಪಂದ್ಯ ಕಾಲು ಭಾಗವಾದರೆ ಅಂತರದ ಹರಡುವಿಕೆ ಅರ್ಧವಾಗುತ್ತದೆ, ಯಾಕೆಂದರೆ ವಿಚಲನೆ ಓವರ್‌ಗಳ ವರ್ಗಮೂಲದ ಜೊತೆ ಬೆಳೆಯುತ್ತದೆ. 33ರ ಬದಲು ಹದಿನಾರೂವರೆ ಇಟ್ಟು ಲೆಕ್ಕ ಹಾಕಿದರೆ ಆರ್‌ಸಿಬಿಯ ಸಂಭವನೀಯತೆ ಮೂವತ್ತರಿಂದ ಹದಿನಾಲ್ಕು-ಹದಿನೈದಕ್ಕೆ ಇಳಿಯುತ್ತದೆ. ಮುನ್ಸೂಚನೆ ನೋಡಿ ಪಂದ್ಯ ರದ್ದಾಗಲು 20, ಐದು ಓವರ್‌ಗೆ ಇಳಿಯಲು 20, ಪೂರ್ತಿ ನಡೆಯಲು 60 ಕೊಟ್ಟರೆ, 60ರ ಮೂವತ್ತು ಪ್ರತಿಶತ 18, 20ರ ಹದಿನಾಲ್ಕೂವರೆ ಪ್ರತಿಶತ 3, ರದ್ದಾದರೆ ಸೊನ್ನೆ. ಒಟ್ಟು 21. ಒಂದೇ ಒಂದು ಎಸೆತ ಬೀಳುವ ಮುಂಚೆ, ಮೋಡದಿಂದಲೇ, 30 ಇದ್ದದ್ದು 21 ಆಗುತ್ತದೆ. ಇಷ್ಟಾದರೂ ಪಂದ್ಯ ಗೆಲ್ಲುವ ಬೆಲೆ 50-50ರಲ್ಲೇ ನಿಂತಿರುತ್ತದೆ. ಪಂದ್ಯದ ಬೆಲೆಯನ್ನಷ್ಟೇ ನೋಡುತ್ತ ಕೂತವನಿಗೆ ಹವಾಮಾನ ಮಾಡಿದ ಕೆಲಸ ಕಾಣುವುದೇ ಇಲ್ಲ.

ಆ ರಾತ್ರಿ ಮೂರು ಓವರ್ ಆಗುತ್ತಲೇ ಮಳೆ ಬಂತು, ಆರ್‌ಸಿಬಿ ಆಗ ವಿಕೆಟ್ ನಷ್ಟವಿಲ್ಲದೆ 31. ಅದೃಷ್ಟಕ್ಕೆ ಮಳೆ ನಿಂತಿತು, ಒಂದು ಓವರೂ ಕಡಿತವಾಗಲಿಲ್ಲ. ಆ ವಿರಾಮದಲ್ಲಿ ಒಂದು ಕ್ಷಣವೂ ಉಸಿರು ಬಿಡದೆ ಕೂತಿದ್ದ ಅಭಿಮಾನಿಗಳಿಗೆ ಈ ವರ್ಗಮೂಲದ ಲೆಕ್ಕ ಗೊತ್ತಿರಲಿಲ್ಲ. ಆದರೂ ಅವರ ಭಯ ಸರಿಯಾದ ಕಡೆಗೇ ಇತ್ತು.

ಆರ್‌ಸಿಬಿ 5 ವಿಕೆಟ್‌ಗೆ 218. ಇಲ್ಲಿಂದ ಪಂದ್ಯ ಎರಡಾಯಿತು. ಗೆಲ್ಲಲು ಚೆನ್ನೈಗೆ 219 ಬೇಕು, ಪ್ಲೇಆಫ್‌ಗೆ 201 ಸಾಕು. ಹತ್ತೊಂಬತ್ತು ಓವರ್ ಮುಗಿದಾಗ ಚೆನ್ನೈ 184. ಗೆಲ್ಲಲು ಆರು ಎಸೆತಗಳಲ್ಲಿ 35, ಅಂದರೆ ಹೆಚ್ಚುಕಡಿಮೆ ಆರು ಸಿಕ್ಸರ್. ಪಂದ್ಯದ ಮಾರುಕಟ್ಟೆ ಅಲ್ಲಿಗೇ ಸತ್ತಿತ್ತು, ಆರ್‌ಸಿಬಿ ಗೆಲುವಿನ ಬೆಲೆ 99ರ ಮೇಲೆ ಎಲ್ಲೋ ಇರಬೇಕು. ಪ್ಲೇಆಫ್‌ಗೆ ಮಾತ್ರ ಬೇಕಿದ್ದದ್ದು 17. ಕ್ರೀಸ್‌ನಲ್ಲಿ ಧೋನಿ ಮತ್ತು ಜಡೇಜ, ಚೆಂಡು ಯಶ್ ದಯಾಳ್ ಕೈಯಲ್ಲಿ. ಇದು ತೀರ ಜೀವಂತ ಮಾರುಕಟ್ಟೆ.

ಮೊದಲ ಎಸೆತ ಧೋನಿ ಬ್ಯಾಟಿನಿಂದ ಸಿಕ್ಸರ್, ಚೆಂಡು ಕ್ರೀಡಾಂಗಣದ ಹೊರಗೆ. ಐದು ಎಸೆತಗಳಲ್ಲಿ 11, ಇದು ಚೆನ್ನೈ ಕಡೆಗೇ ವಾಲಿದ ಸ್ಥಿತಿ. ಎರಡನೆಯ ಎಸೆತಕ್ಕೆ ಧೋನಿ ಔಟ್. ಮೂರನೆಯದಕ್ಕೆ ಠಾಕೂರ್‌ಗೆ ರನ್ ಇಲ್ಲ, ನಾಲ್ಕನೆಯದಕ್ಕೆ ಒಂದು. ಎರಡು ಎಸೆತ, 10 ರನ್, ಜಡೇಜ ಸ್ಟ್ರೈಕ್‌ನಲ್ಲಿ. ಈ ಹಂತದ ಬೆಲೆಯನ್ನು ಬೆರಳಲ್ಲೇ ಎಣಿಸಬಹುದು. ವೈಡು, ನೋಬಾಲು ಬಿಟ್ಟರೆ ದಾರಿಗಳು ಮೂರೇ: ಸಿಕ್ಸರ್-ಸಿಕ್ಸರ್, ಸಿಕ್ಸರ್-ಫೋರ್, ಫೋರ್-ಸಿಕ್ಸರ್. ಒಂದು ಎಸೆತಕ್ಕೆ ಸಿಕ್ಸರ್ ಬೀಳಲು ಆರರಲ್ಲಿ ಒಂದು, ಫೋರ್ ಬೀಳಲೂ ಆರರಲ್ಲಿ ಒಂದು ಎಂದಿಟ್ಟರೆ, ಪ್ರತಿ ದಾರಿಗೆ ಮೂವತ್ತಾರರಲ್ಲಿ ಒಂದು, ಮೂರೂ ಸೇರಿ ಹನ್ನೆರಡರಲ್ಲಿ ಒಂದು. ಸುಮಾರು 8. ಮುಂದಿನ ಎಸೆತಕ್ಕೂ ರನ್ ಇಲ್ಲ, ಕೊನೆಯದಕ್ಕೂ ಇಲ್ಲ. ಚೆನ್ನೈ 191. ಆರ್‌ಸಿಬಿ ನೆಟ್ ರನ್ ರೇಟ್ 0.459, ಚೆನ್ನೈ 0.392. ನಮ್ಮ 260 ಓವರ್‌ನ ಅಂದಾಜಿಗೆ 27 ರನ್ ಅಂತರ ತುಂಬಿ ನೋಡಿ, 0.456 ಮತ್ತು 0.394 ಬರುತ್ತದೆ. ವಿಧಾನ ಸರಿಯಾಗಿದೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಇಂಥ ಪಂದ್ಯದಲ್ಲಿ ಗೆಲುವಿನ ಬೆಲೆ ಲೆಕ್ಕ ಹಾಕುವ ಮಾದರಿಗಳೇ ತಪ್ಪುವ ಒಂದು ಜಾಗವಿದೆ, ಅದು ನನಗೆ ತುಂಬ ಮುಖ್ಯ. ಸಾಮಾನ್ಯ ಮಾದರಿ ಬೆನ್ನಟ್ಟುವ ತಂಡ ಗೆಲ್ಲಲು ಆಡುತ್ತದೆ ಎಂದು ನಂಬುತ್ತದೆ. ಕೊನೆಯ ಐದಾರು ಓವರ್‌ಗಳಲ್ಲಿ ಚೆನ್ನೈಗೆ 219ರ ಕನಸಿಗಾಗಿ ವಿಕೆಟ್ ಒಡ್ಡುವ ಕಾರಣವಿರಲಿಲ್ಲ, 201 ಕಾದುಕೊಳ್ಳುವುದೇ ಬುದ್ಧಿವಂತಿಕೆ. ಆದ್ದರಿಂದ ಹಳೆಯ ಪಂದ್ಯಗಳಿಂದ ಕಲಿತ ಮಾದರಿ ಚೆನ್ನೈ ಗೆಲುವಿಗೆ ಕೊಡುವ ಬೆಲೆ ಇದ್ದದ್ದಕ್ಕಿಂತ ಹೆಚ್ಚಾಗಿರುತ್ತದೆ. ಪ್ಲೇಆಫ್ ಷರತ್ತು ಪಂದ್ಯದ ಒಳಗೆ ಕೈ ಹಾಕಿ ಆಟಗಾರರ ಗುರಿಯನ್ನೇ ಬದಲಿಸಿರುತ್ತದೆ.

ಗದಗಿನಿಂದ ಬಂದ ಒಬ್ಬ ಸ್ಕೋರರ್ ಕೇಳಿದರು: "ಚೆನ್ನೈ 200ಕ್ಕೆ ಆಲೌಟ್ ಆಗಿದ್ರ ಏನಾದ್ರೂ ಬದಲಾಗ್ತಿತ್ತೇನ್ರೀ?" ಏನೂ ಬದಲಾಗುತ್ತಿರಲಿಲ್ಲ. ಹದಿನೆಂಟನೆಯ ಓವರ್‌ನಲ್ಲಿ 200ಕ್ಕೆ ಆಲೌಟ್ ಆದರೂ ಲೆಕ್ಕಕ್ಕೆ ಇಪ್ಪತ್ತು ಓವರ್, ಇಪ್ಪತ್ತು ಓವರ್ ಆಡಿ 200 ಹೊಡೆದರೂ ಇಪ್ಪತ್ತು ಓವರ್. ವಿಕೆಟ್‌ಗೆ ನೆಟ್ ರನ್ ರೇಟ್‌ನಲ್ಲಿ ನೇರ ಬೆಲೆ ಇಲ್ಲ. ಅದು ಮುಂದಿನ ರನ್‌ಗಳನ್ನು ನಿಲ್ಲಿಸುತ್ತದೆ, ಅಷ್ಟೇ. ಊರಿನ ಟೂರ್ನಿಗಳಲ್ಲಿ ಆಲೌಟ್ ಆದ ಓವರ್‌ಗಳನ್ನೇ ಬರೆದು ಜಗಳವಾಗುವುದು ಇಲ್ಲೇ. ಹಾಗೆ ಬರೆದರೆ ಬೇಗ ಆಲೌಟ್ ಆದ ತಂಡದ ರನ್ ರೇಟ್ ಏರಿ ಕೂರುತ್ತದೆ.

ಗಡಿಯ ಬಗ್ಗೆ ಇನ್ನೊಂದು ವಿಷಯ. ಬೆನ್ನಟ್ಟುವ ತಂಡಕ್ಕೆ '14.3 ಓವರ್‌ಗಳಲ್ಲಿ 190' ಎಂದು ಹೇಳಿದಾಗ ಆ 14.3 ಒಂದು ಗೋಡೆ ಎಂದು ಜನ ತಿಳಿಯುತ್ತಾರೆ. ಅದು ಗೋಡೆಯಲ್ಲ. 2014ರ ಮೇ 25ರಂದು ವಾಂಖೆಡೆಯಲ್ಲಿ ರಾಜಸ್ಥಾನ 189 ಹೊಡೆದಿತ್ತು. ಮುಂಬೈಗೆ ಬೇಕಾದದ್ದು 14.3 ಓವರ್‌ಗಳಲ್ಲಿ 190. ಕೋರಿ ಆಂಡರ್ಸನ್ 44 ಎಸೆತಗಳಲ್ಲಿ 95 ಹೊಡೆದು ತಂದರು. ಸರಿಯಾಗಿ 14.3 ಓವರ್‌ಗೆ ಸ್ಕೋರ್ 189, ಸಮ! ಒಂದು ರನ್ ಕಡಿಮೆ, ಎಸೆತ ಮುಗಿದಿದೆ. ಆದರೆ ಗೆಲ್ಲುವ ಹೊಡೆತದ ಎಲ್ಲ ರನ್‌ಗಳೂ ರಾಶಿಗೆ ಸೇರುತ್ತವೆ. ಮುಂದಿನ ಎಸೆತಕ್ಕೆ ಒಂದು ರನ್ ಓಡಿದರೆ 190, ಸಾಲದು. ಬೌಂಡರಿ ಹೊಡೆದರೆ 193, ಆ ಮೂರು ಹೆಚ್ಚಿನ ರನ್ ತಡವಾದ ಎಸೆತವನ್ನು ತುಂಬಿಕೊಡುತ್ತದೆ. ಮುಂಬೈಗೆ ಇದು ತಿಳಿದಿತ್ತು. ಆದಿತ್ಯ ತಾರೆ ಫಾಕ್ನರ್ ಎಸೆತವನ್ನು ಸಿಕ್ಸರ್‌ಗೆ ಎತ್ತಿದರು, 195, ಮುಂಬೈ ಪ್ಲೇಆಫ್‌ಗೆ ಹೋಯಿತು.

ಇದೇ ಸಂಗತಿ 2023ರ ಸೆಪ್ಟೆಂಬರ್ 5ರಂದು ಲಾಹೋರ್‌ನಲ್ಲಿ, ಏಷ್ಯಾ ಕಪ್‌ನಲ್ಲಿ, ತದ್ವಿರುದ್ಧವಾಗಿ ನಡೆಯಿತು. ಶ್ರೀಲಂಕಾದ 291ಕ್ಕೆ ಎದುರಾಗಿ ಅಫ್ಗಾನಿಸ್ತಾನಕ್ಕೆ 37.1 ಓವರ್‌ಗಳಲ್ಲಿ 292 ಬೇಕಿತ್ತು. 37 ಓವರ್‌ಗೆ 8 ವಿಕೆಟ್‌ಗೆ 289. ಮುಂದಿನ ಎಸೆತಕ್ಕೆ ಮುಜೀಬ್ ಔಟ್. ಎಲ್ಲ ಮುಗಿಯಿತೆಂದು ಅವರು ತಿಳಿದರು. ಮುಗಿದಿರಲಿಲ್ಲ: 37.4 ಓವರ್‌ವರೆಗೂ 295 ಮುಟ್ಟಿದರೆ ದಾರಿಯಿತ್ತು, ಅಂದರೆ ಒಂದು ಸಿಕ್ಸರ್. ಹೊಸದಾಗಿ ಬಂದ ಫಾರೂಕಿ ಎರಡು ಎಸೆತ ತಡೆದು ಆಡಿದರು, ಮೂರನೆಯದಕ್ಕೆ ಎಲ್‌ಬಿಡಬ್ಲ್ಯು. ಇನ್ನೊಂದು ತುದಿಯಲ್ಲಿ ರಶೀದ್ ಖಾನ್ ನಿಂತಿದ್ದರು. ಒಂದು ರನ್ ಓಡಿ ಅವರಿಗೆ ಸ್ಟ್ರೈಕ್ ಕೊಡುವ ಯೋಚನೆಯೂ ಬರಲಿಲ್ಲ, ಯಾಕೆಂದರೆ ಆ ಲೆಕ್ಕ ತಂಡಕ್ಕೆ ತಲುಪಿರಲಿಲ್ಲ. ಇದನ್ನು ನೆನೆದಾಗ ನನಗೆ ಈಗಲೂ ಸಂಕಟವಾಗುತ್ತದೆ. ಒಂದು ಕಾಗದದ ಪಟ್ಟಿ ಸಾಕಿತ್ತು.

ಬೆಲೆಗೆ ಇದರಿಂದ ಏನಾಗುತ್ತದೆ? 37.1 ಮುಗಿದೊಡನೆ ಬೆಲೆಯನ್ನು ಸೊನ್ನೆಗೆ ಇಳಿಸುವವನು, 14.3 ಮುಗಿದೊಡನೆ ಮುಂಬೈ ಚೀಟಿಯನ್ನು ಕಸಕ್ಕೆ ಹಾಕುವವನು, ಇಬ್ಬರೂ ಒಂದೇ ತಪ್ಪು ಮಾಡುತ್ತಾರೆ. ಒಳ್ಳೆಯ ಲೆಕ್ಕದಲ್ಲಿ ಒಂದೇ ಗಡಿ ಇರುವುದಿಲ್ಲ, ಮೆಟ್ಟಿಲುಗಳಿರುತ್ತವೆ: ಈ ಎಸೆತಕ್ಕೆ ಒಂದು ರನ್ ಸಾಕು, ಮುಂದಿನದಕ್ಕೆ ಬೌಂಡರಿ ಬೇಕು, ಅದರ ಮುಂದಿನದಕ್ಕೆ ಸಿಕ್ಸರ್ ಬೇಕು, ಆಮೇಲೆ ಏನೂ ಇಲ್ಲ. ಆದರೆ ಲಾಹೋರ್‌ನಲ್ಲಿ ಇನ್ನೊಂದು ಪಾಠವೂ ಇದೆ. ಲೆಕ್ಕದಲ್ಲಿ ದಾರಿ ಇದ್ದರೂ ಮೈದಾನದಲ್ಲಿರುವವರಿಗೆ ಅದು ಗೊತ್ತಿಲ್ಲದಿದ್ದರೆ, ನಿಜವಾದ ಸಂಭವನೀಯತೆ ಲೆಕ್ಕದ್ದಕ್ಕಿಂತ ಕಡಿಮೆಯೇ.

ನೆಟ್ ರನ್ ರೇಟ್‌ಗೆ ಎಷ್ಟು ಬೆಲೆ ಕೊಡಬೇಕು, ಯಾವಾಗ ಕೊಡಬೇಕು ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಋತುವಿನ ಮೊದಲ ಪಂದ್ಯವನ್ನು 60 ರನ್‌ಗಳಿಂದ ಸೋತ ತಂಡದ ಹೆಸರ ಮುಂದೆ ಮೈನಸ್ 3.000 ಎಂದು ಕಾಣುತ್ತದೆ, ಜನ ಗಾಬರಿಯಾಗಿ ಬೆಲೆ ಇಳಿಸುತ್ತಾರೆ. ಅದೇ 60 ರನ್ ಹದಿನಾಲ್ಕು ಪಂದ್ಯಗಳ 280 ಓವರ್‌ಗೆ ಹರಡಿದರೆ 0.214. ಅಂಕಗಳು ಮೊದಲು, ರನ್ ರೇಟ್ ಆಮೇಲೆ. ಅಂಕ ಸಮವಾಗುವ ಸಾಧ್ಯತೆ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ಅದಕ್ಕೆ ತೂಕ. 2019ರಲ್ಲಿ ಹೈದರಾಬಾದ್ ಬರೀ 12 ಅಂಕಗಳಿಂದ ನಾಲ್ಕನೆಯ ಜಾಗ ಹಿಡಿದದ್ದು 0.577 ರನ್ ರೇಟ್‌ನ ಬಲದಿಂದ. ಕೋಲ್ಕತ್ತ ಮತ್ತು ಪಂಜಾಬ್‌ಗೂ ಅಷ್ಟೇ ಅಂಕ ಇತ್ತು. ಇದಕ್ಕೆ ಎದುರಾಗಿ 2022ರ ಆರ್‌ಸಿಬಿ ನೋಡಿ: 16 ಅಂಕ, ರನ್ ರೇಟ್ ಮೈನಸ್ 0.253. ಡೆಲ್ಲಿ ತನ್ನ ಕೊನೆಯ ಪಂದ್ಯ ಗೆದ್ದರೆ 16 ಮುಟ್ಟುತ್ತಿತ್ತು, ರನ್ ರೇಟ್‌ನಲ್ಲಿ ಬಹಳ ಮೇಲಿತ್ತು. ಆರ್‌ಸಿಬಿ ಆಡುವುದು ಮುಗಿದಿತ್ತು. ಹಾಗಾಗಿ ಅದರ ಪ್ಲೇಆಫ್ ಬೆಲೆ ಎಂದರೆ ಮುಂಬೈ ಎದುರು ಡೆಲ್ಲಿ ಗೆಲ್ಲದೆ ಹೋಗುವ ಬೆಲೆಯೇ, ಅದಕ್ಕಿಂತ ಒಂದು ಪೈಸೆ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಮುಂಬೈ ಗೆದ್ದಿತು, ಆರ್‌ಸಿಬಿ ಒಳಗೆ ಬಂತು.

ಕೊನೆಯ ಪ್ರಶ್ನೆ ಹುಬ್ಬಳ್ಳಿಯ ಕ್ಲಬ್ ತಂಡದ ನಾಯಕರೊಬ್ಬರದು. ರಾಜನಗರ ಮೈದಾನದಲ್ಲಿ ಆಡುವ ಹುಡುಗರಿಗೂ ಇದು ಬೇಕು ಎಂದರು: "ಟಾಸ್ ಗೆದ್ರ ನಾವು ಏನು ತಗೋಬೇಕ್ರೀ?" ನಿಮಗೆ ಅಂತರ ಬೇಕಿದ್ದರೆ ಎರಡನೆಯದಾಗಿ ಬ್ಯಾಟ್ ಮಾಡುವುದರಲ್ಲಿ ಒಂದು ಲಾಭವಿದೆ: ಎಷ್ಟು ಎಸೆತಗಳಲ್ಲಿ ಮುಗಿಸಬೇಕು ಎಂಬುದು ಎಸೆತ ಎಸೆತಕ್ಕೂ ನಿಮ್ಮ ಕಣ್ಣ ಮುಂದಿರುತ್ತದೆ. ಅಂತರ ತಡೆಯಬೇಕಿದ್ದವರಿಗೂ ಅದೇ ಲಾಭ. ಚೆನ್ನೈ ಆ ದಿನ ಟಾಸ್ ಗೆದ್ದು ಬೌಲಿಂಗ್ ಆಯ್ದುಕೊಂಡಿತು, 201 ಎಂಬ ಸಂಖ್ಯೆ ಅದಕ್ಕೆ ಇನಿಂಗ್ಸ್ ಶುರುವಾಗುವ ಮುಂಚೆಯೇ ಸಿಕ್ಕಿತ್ತು. ಆದರೆ ಪಿಚ್ ಬೇರೆ ಹೇಳುತ್ತಿದ್ದರೆ ಪಿಚ್‌ನ ಮಾತೇ ಕೇಳಿ. ಗೆಲ್ಲದೆ ಅಂತರವಿಲ್ಲ.

ಪಟ್ಟಿಯನ್ನು ಹಿಂದಿನ ರಾತ್ರಿಯೇ ಮಾಡಿಟ್ಟುಕೊಳ್ಳಿ. ಎದುರಾಳಿಯ ಜೊತೆಗೇ ಪೈಪೋಟಿ ಇದ್ದರೆ ಸೂತ್ರ ಸರಳ: ಎರಡು ತಂಡಗಳ ರನ್ ರೇಟ್ ಅಂತರವನ್ನು ಈವರೆಗೆ ಆಡಿದ ಓವರ್‌ಗಳಿಂದ ಗುಣಿಸಿ ಅರ್ಧ ಮಾಡಿ. ಪೈಪೋಟಿ ಬೇರೆ ತಂಡದ ಜೊತೆ ಇದ್ದು ಆ ತಂಡ ತನ್ನ ಪಂದ್ಯಗಳನ್ನೆಲ್ಲ ಮುಗಿಸಿದ್ದರೆ ಅರ್ಧ ಮಾಡುವಂತಿಲ್ಲ, ಪೂರ್ತಿ ನಿಮ್ಮ ಮೇಲೆಯೇ ಬೀಳುತ್ತದೆ: ಅದರ ರನ್ ರೇಟನ್ನು ನಿಮ್ಮ ಕೊನೆಯ ಪಂದ್ಯವೂ ಸೇರಿದ ಒಟ್ಟು ಓವರ್‌ಗಳಿಂದ ಗುಣಿಸಿ, ನಿಮ್ಮ ರನ್ ರೇಟನ್ನು ಈವರೆಗೆ ಆಡಿದ ಓವರ್‌ಗಳಿಂದ ಗುಣಿಸಿದ್ದನ್ನು ಅದರಿಂದ ಕಳೆಯಿರಿ. ಆರು ತಂಡಗಳು ತಲಾ ಹತ್ತು ಪಂದ್ಯ ಆಡುವ ಲೀಗ್ ಎಂದುಕೊಳ್ಳಿ, ಕೊನೆಯ ಪಂದ್ಯಕ್ಕೆ ಮುಂಚೆ ಒಂಬತ್ತು ಪಂದ್ಯ, 180 ಓವರ್. ಐಪಿಎಲ್‌ನಲ್ಲಿ ಹದಿನೆಂಟು ರನ್ ಕೇಳಿದ ಅದೇ 0.141 ಅಂತರ ಇಲ್ಲಿ 12.7 ರನ್ ಕೇಳುತ್ತದೆ, ಅಂದರೆ 13, ಅಥವಾ ಓವರಿಗೆ ಎಂಟು ರನ್ ಹರಿಯುವ ಟೂರ್ನಿಯಾದರೆ ಒಂಬತ್ತು ಎಸೆತ ಉಳಿಸಿದ ಗೆಲುವು.